ಉಪ್ಪನ ಪಾಲಿಸಿ, ಭಾವನ ಪಾಲಿಸಿ

2023ರಲ್ಲಿ ಉಪ್ಪನ ಇನ್ಶೂರೆನ್ಸ್ ಪಾಲಿಸಿಯ ಅವಧಿ ಮುಗಿದು ಅವರ ಖಾತೆಗೆ 3,80,000 ರೂಪಾಯಿ ಬಂತು. 2003ರಲ್ಲಿ ಮಾಡಿಸಿದ 20 ವರ್ಷದ ಎಂಡೋಮೆಂಟ್ ಪಾಲಿಸಿ ಅದು. ನಡುವೆ ಏನಾದರೂ ಆದರೆ ಮನೆಯವರಿಗೆ ಹಣ, ಏನೂ ಆಗದಿದ್ದರೆ ಕೊನೆಗೆ ಕಟ್ಟಿದವರ ಕೈಗೇ ಹಣ. ವಿಮಾ ಮೊತ್ತ 2,00,000, ಕಂತು ವರ್ಷಕ್ಕೆ 10,000. (ಚಿಲ್ಲರೆ ಬಿಟ್ಟು ದುಂಡು ಮಾಡಿ ಹೇಳುತ್ತಿದ್ದೇನೆ.) ಪಾಲಿಸಿ ಮಾಡಿಸಿದ್ದು ನಮ್ಮೂರಿನವರೇ ಆದ ಒಬ್ಬರು ಮಾಸ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಏಜೆಂಟ್ ಆದವರು. ಹಣ ಬಂದ ವಾರದಲ್ಲೇ ಅವರು ಅಂಗಡಿಗೆ ಬಂದರು, ಕೈಯಲ್ಲಿ ಹೊಸ ಫಾರಂ.

"ನೋಡಿ ಹಾಜಿಯಾರೇ, ಎರಡು ಲಕ್ಷ ಕಟ್ಟಿದಿರಿ, ಮೂರು ಲಕ್ಷದ ಎಂಬತ್ತು ಸಾವಿರ ಸಿಕ್ಕಿತು. ಇದನ್ನು ಹೀಗೇ ಇನ್ನೊಂದರಲ್ಲಿ ಹಾಕಿಬಿಡಿ."

ಅವರು ಹೇಳಿದ ಎರಡು ಅಂಕಿಗಳೂ ನಿಜ. ಉಪ್ಪ ನನ್ನ ಮುಖ ನೋಡಿ, "ಮೋನೆ, ಹಾಕುವುದಾ?" ಎಂದರು. ಎರಡು ದಿನ ಸಮಯ ಕೊಡಿ ಎಂದೆ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಅದರಲ್ಲಿ ಮ್ಯಾನೇಜ್‌ಮೆಂಟ್ ಎಂಬ ಒಂದು ವಿಷಯ ಇತ್ತು. ಒಂದು ಲೇತ್ ಕೊಂಡರೆ ಅದು ಮುಂದಿನ ಹತ್ತು ವರ್ಷ ದುಡಿದು ಕೊಡುವ ಹಣ, ಇವತ್ತು ನಾವು ಕೊಡುವ ಬೆಲೆಗೆ ಸಮವೇ ಎಂದು ನೋಡುವ ಲೆಕ್ಕ. ಆದರೆ ಉಪ್ಪನಿಗೆ ಅದನ್ನು ವಿವರಿಸಲು ಲೇತ್ ಬೇಕಾಗಲಿಲ್ಲ. ಮಂಗಳೂರು ಬಂದರಿನ ಸಗಟು ಅಂಗಡಿಯಿಂದ ಕುಚ್ಚಲಕ್ಕಿ ತರುವಾಗ ಕೈಯಲ್ಲಿ ಹಣ ಕೊಟ್ಟರೆ ಒಂದು ಬೆಲೆ, ತಿಂಗಳು ಬಿಟ್ಟು ಕೊಟ್ಟರೆ ಸ್ವಲ್ಪ ಜಾಸ್ತಿ. ಅಕ್ಕಿ ಅದೇ. ಮುಂದಿನ ತಿಂಗಳ ನೂರು ರೂಪಾಯಿ ಇವತ್ತಿನ ನೂರಕ್ಕಿಂತ ಕಡಿಮೆ ಎಂದು ಸಗಟು ವ್ಯಾಪಾರಿಗೂ ಗೊತ್ತು, ಉಪ್ಪನಿಗೂ ಗೊತ್ತು. ಪಾಲಿಸಿಯಲ್ಲಿ ತಿಂಗಳ ಬದಲು 20 ವರ್ಷ, ಅಷ್ಟೇ. ಮಾಸ್ಟ್ರು ಹೇಳಿದ ಲೆಕ್ಕದಲ್ಲಿ 2003ರ ಹತ್ತು ಸಾವಿರ ಮತ್ತು 2022ರ ಹತ್ತು ಸಾವಿರ ಒಂದೇ ತೂಕ. ತೊಂದರೆ ಇರುವುದು ಅಲ್ಲೇ.

ಹಾಗಾದರೆ ವರ್ಷಕ್ಕೆ ಎಷ್ಟು ಕಡಿಮೆ ಮಾಡಬೇಕು? ಇಲ್ಲಿ ಯಾರೂ ತಮಗೆ ಬೇಕಾದ ಸಂಖ್ಯೆ ಹಾಕಬಹುದು, ಆದ್ದರಿಂದ ಜಾಗ್ರತೆ ಬೇಕು. ಅಷ್ಟೇ ಕಾಲ, ಅಷ್ಟೇ ಭದ್ರವಾಗಿ ಹಣ ಇಡಬಹುದಾಗಿದ್ದ ಇನ್ನೊಂದು ಜಾಗದ ದರ ನ್ಯಾಯವಾದದ್ದು. ಅಂಚೆ ಕಚೇರಿಯ ಪಿಪಿಎಫ್ ದರ 2003ರಲ್ಲಿ ಶೇಕಡಾ 8 ಇತ್ತು, ನಡುವೆ ಅದಕ್ಕಿಂತ ಮೇಲೂ ಹೋಯಿತು, 2020ರಿಂದ 7.1. ನಾನು 8 ಹಿಡಿದೆ. ಬಡ್ಡಿಯ ಮಾತೇ ಬೇಡ ಎನ್ನುವವರು ನಮ್ಮಲ್ಲಿ ಇದ್ದಾರೆ. ಅವರು ಆ ಜಾಗದಲ್ಲಿ ತಮ್ಮ ವ್ಯಾಪಾರದ ಹಣ ವರ್ಷಕ್ಕೆ ಎಷ್ಟು ಬೆಳೆಯುತ್ತದೋ ಆ ದರ ಇಟ್ಟುಕೊಳ್ಳಲಿ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಈಗ ಎಲ್ಲವನ್ನೂ 2003ಕ್ಕೆ ಎಳೆದು ತರೋಣ. ಮೊದಲ ಕಂತು ಅದೇ ದಿನ ಕಟ್ಟಿದ್ದು, ಅದು ಪೂರ್ತಿ 10,000. ಎರಡನೆಯದು ಒಂದು ವರ್ಷ ದೂರ, 1.08ರಿಂದ ಭಾಗಿಸಿದರೆ 9,259. ಹೀಗೆ ಇಳಿಯುತ್ತಾ 19 ವರ್ಷದ ನಂತರ ಕಟ್ಟಿದ ಕೊನೆಯ ಕಂತಿನ ತೂಕ 2,317 ಮಾತ್ರ. ಇಪ್ಪತ್ತನ್ನೂ ಕೂಡಿಸಿದರೆ 1,06,036. ಇನ್ನೊಂದು ತಟ್ಟೆಯಲ್ಲಿ 20 ವರ್ಷದ ನಂತರದ 3,80,000. 1.08ರಿಂದ ಇಪ್ಪತ್ತು ಸಲ ಭಾಗಿಸಿದರೆ ಅದು 81,528ಕ್ಕೆ ಬಂದು ನಿಲ್ಲುತ್ತದೆ. ಕೊಟ್ಟದ್ದು ಒಂದು ಲಕ್ಷದ ಆರು ಸಾವಿರ, ಸಿಕ್ಕಿದ್ದು ಎಂಬತ್ತೊಂದೂವರೆ ಸಾವಿರ. 2003ರ ಹಣದಲ್ಲಿ ಸುಮಾರು 24,500 ಕಡಿಮೆ.

ಯಾವ ದರದಲ್ಲಿ ಎರಡು ತಟ್ಟೆಯೂ ಸಮ ಆಗುತ್ತದೆ? 5ರಲ್ಲಿ ಪಾಲಿಸಿ ಗೆಲ್ಲುತ್ತದೆ, 6ರಲ್ಲಿ ಸ್ವಲ್ಪದರಲ್ಲಿ ಸೋಲುತ್ತದೆ. ಮೊಬೈಲಿನ ಶೀಟಿನಲ್ಲಿ ಒಂದು ಸಾಲು ಹಾಕಿದರೆ ಉತ್ತರ ಬರುತ್ತದೆ:

```
=RATE(20,-10000,0,380000,1)
```

ಉತ್ತರ ಸುಮಾರು ಶೇಕಡಾ 5.8. ಕೊನೆಯ 1 ಬಿಡಬೇಡಿ, ಕಂತು ವರ್ಷದ ಆರಂಭದಲ್ಲೇ ಕಟ್ಟುತ್ತೇವೆ ಎಂದು ಹೇಳುವುದು ಅದು. ಬಿಟ್ಟರೆ ಪಾಲಿಸಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಉಪ್ಪನಿಗೆ ನಂಬಿಕೆ ಬರಲಿಲ್ಲ. ಪ್ರತಿ ವರ್ಷ ಸಾವಿರಕ್ಕೆ 42 ರೂಪಾಯಿ ಬೋನಸ್ ಸೇರುತ್ತಿತ್ತಲ್ಲ, ಅದೆಲ್ಲಿ ಹೋಯಿತು ಎಂದರು. ಒಳ್ಳೆಯ ಪ್ರಶ್ನೆ. ಬೋನಸ್ ಲೆಕ್ಕ ಹಾಕುವುದು ವಿಮಾ ಮೊತ್ತದ ಮೇಲೆ, ಎರಡು ಲಕ್ಷಕ್ಕೆ ವರ್ಷಕ್ಕೆ 8,400. ಅದು ಘೋಷಣೆ ಆಗುತ್ತದೆ, ಆದರೆ ಕೈಗೆ ಬರುವುದಿಲ್ಲ, ಮತ್ತು ಬೋನಸಿನ ಮೇಲೆ ಬೋನಸ್ ಇಲ್ಲ. ಮೊದಲ ವರ್ಷ 2004ರಲ್ಲಿ ಬರೆದ 8,400, 2023ರಲ್ಲಿ ಕೊಡುವಾಗಲೂ 8,400 ಆಗಿಯೇ ಉಳಿದಿತ್ತು. ಹತ್ತೊಂಬತ್ತು ವರ್ಷ ಅದು ಮೊಟ್ಟೆ ಇಡದ ಕೋಳಿ. 8ರ ದರದಲ್ಲಿ ಅದರ 2004ರ ಬೆಲೆ 1,946 ರೂಪಾಯಿ. ಇಪ್ಪತ್ತು ವರ್ಷದ ಬೋನಸ್ 1,68,000, ಕೊನೆಯ ಹೆಚ್ಚುವರಿ ಬೋನಸ್ 12,000, ವಿಮಾ ಮೊತ್ತ 2,00,000. ಹೀಗೆ 3,80,000.

ಪಾಲಿಸಿಗೆ ಅನ್ಯಾಯ ಮಾಡಬಾರದು. ಆ ಇಪ್ಪತ್ತು ವರ್ಷ ಉಪ್ಪನ ಜೀವಕ್ಕೆ ಎರಡು ಲಕ್ಷದ ರಕ್ಷಣೆ ಇತ್ತು, ಅದಕ್ಕೂ ಬೆಲೆ ಇದೆ. ಬರೀ ರಕ್ಷಣೆಗಾಗಿ, ಏನೂ ವಾಪಸ್ ಬರದ ಟರ್ಮ್ ಪಾಲಿಸಿ ಮಾಡಿಸಿದ್ದರೆ ವರ್ಷಕ್ಕೆ 700 ಆಗುತ್ತಿತ್ತು ಎಂದು ಅಂದಾಜಿಗೆ ಹಿಡಿಯೋಣ. ಆಗ ಉಳಿತಾಯಕ್ಕೆ ಹೋದದ್ದು 9,300, ಅದರ ದರ 6.4ಕ್ಕೆ ಏರುತ್ತದೆ. ಏರಿದರೂ 8 ಮುಟ್ಟುವುದಿಲ್ಲ. ಮಾಸ್ಟ್ರ ಕಮಿಷನ್ನು ಕೂಡ ಕಂತಿನೊಳಗಿಂದಲೇ ಹೋಗಿದೆ; ಆ ಕಾಲದ ಕಾನೂನಿನಲ್ಲಿ ಮೊದಲ ವರ್ಷದ ಕಂತಿನ ಶೇಕಡಾ 35ರವರೆಗೆ ಕೊಡಲು ಅವಕಾಶ ಇತ್ತು. ಇನ್ನು ಆದಾಯ ತೆರಿಗೆ ಉಳಿಯುತ್ತದೆ ಎನ್ನುತ್ತಾರೆ. ಉಪ್ಪನ ಆದಾಯ ತೆರಿಗೆಯ ಗೆರೆ ಮುಟ್ಟಿದ್ದೇ ಇಲ್ಲ. ಮುಟ್ಟುವವರಿಗೂ ಅದೇ ವಿನಾಯಿತಿ ಪಿಪಿಎಫ್‌ಗೆ ಇದೆ, ಒಂದೇ ತಟ್ಟೆಗೆ ಹಾಕಿ ತೂಗುವುದು ಸರಿಯಲ್ಲ.

ಇಷ್ಟು ಹೇಳಿದ ಮೇಲೆ ಉಪ್ಪ ಹೇಳಿದ ಒಂದು ಮಾತಿಗೆ ನನ್ನಲ್ಲಿ ಅಂಕಿ ಇರಲಿಲ್ಲ. "ಆ ಹತ್ತು ಸಾವಿರ ಗಲ್ಲಾಪೆಟ್ಟಿಗೆಯಲ್ಲಿದ್ದಿದ್ದರೆ ಯಾರಿಗಾದರೂ ಸಾಲ ಹೋಗುತ್ತಿತ್ತು. ನಿನ್ನ ಎಂಟು ಶೇಕಡಾ ಯಾರು ಕೊಡುತ್ತಿದ್ದರು?" ನಿಜ. ನೋಟಿಸ್ ಬರುತ್ತದೆ, ಮಾಸ್ಟ್ರು ಮಳೆಯಲ್ಲೂ ಬಂದು ನೆನಪಿಸುತ್ತಾರೆ ಎಂಬ ಕಾರಣಕ್ಕೇ ಉಳಿದ ಹಣ ಅದು. ಆದರೆ ಈಗ ಕೈಯಲ್ಲಿರುವ 3,80,000 ಉಳಿತಾಯ ಆಗಿಯೇ ಆಗಿದೆ. ಅದಕ್ಕೆ ಇನ್ನು ಕಾವಲು ಬೇಕಾಗಿಲ್ಲ. ಉಪ್ಪನ ವಯಸ್ಸಿನಲ್ಲಿ ಹೊಸ ಪಾಲಿಸಿಯ ರಕ್ಷಣೆಯ ಪಾಲಿಗೇ ಹೆಚ್ಚು ಹಣ ಹೋಗುತ್ತದೆ, ನಾವು ಮಕ್ಕಳೆಲ್ಲ ದುಡಿಯುತ್ತಿದ್ದೇವೆ. ಫಾರಂ ಮಾಸ್ಟ್ರಿಗೆ ವಾಪಸ್ ಹೋಯಿತು. ಅವರು ಬೇಸರಪಟ್ಟುಕೊಳ್ಳಲಿಲ್ಲ, ಚಾ ಕುಡಿದೇ ಹೋದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ತಂಗಿಯ ಗಂಡ, ನಮ್ಮ ಭಾವ, ಇದನ್ನು ಕೇಳಿಸಿಕೊಂಡರು. ಅವರದ್ದೂ ಇಂಥದ್ದೇ ಒಂದು ಪಾಲಿಸಿ, 2012ರಲ್ಲಿ ಶುರುವಾದದ್ದು: ಅದೇ 2,00,000, ಅದೇ 10,000, ಅದೇ 20 ವರ್ಷ. ಹನ್ನೆರಡು ಕಂತು ಕಟ್ಟಿಯಾಗಿದೆ. "ಹಾಗಾದರೆ ನಾನು ಇವತ್ತೇ ಸರೆಂಡರ್ ಮಾಡುತ್ತೇನೆ ಭಾವಾ" ಎಂದರು. ಕಚೇರಿಯಲ್ಲಿ ವಿಚಾರಿಸಿದ್ದರು, ಈಗ ಬಿಟ್ಟರೆ 1,15,000 ಸಿಗುತ್ತದೆ. ಕಟ್ಟಿದ 1,20,000ಕ್ಕಿಂತಲೂ ಕಡಿಮೆ.

ಇಲ್ಲಿ ತುಂಬ ಜನ ಎಡವುತ್ತಾರೆ. ಉಪ್ಪನ ಪಾಲಿಸಿ 5.8 ಕೊಟ್ಟಿತು, ಆದ್ದರಿಂದ ಭಾವನದ್ದನ್ನು ಮುರಿಯಬೇಕು ಎನ್ನುವುದು ತಪ್ಪು ಲೆಕ್ಕ. 5.8 ಎನ್ನುವುದು ಮೊದಲ ದಿನ ನಿಂತು ನೋಡಿದಾಗ ಕಾಣುವ ದರ. ಭಾವ ನಿಂತಿರುವುದು 2024ರಲ್ಲಿ. ಕಟ್ಟಿದ ಹನ್ನೆರಡು ಕಂತು ಹೋಗಿಯಾಯಿತು, ಕಮಿಷನ್ನಿನ ದೊಡ್ಡ ಪಾಲು ಕೂಡ ಹೋಗಿಯಾಯಿತು. ಇವತ್ತು ಅವರು ಪಾಲಿಸಿಯೊಳಗೆ ಇಡುವುದು ಎರಡೇ: ಬೇಡ ಎಂದು ಬಿಟ್ಟುಕೊಡುವ 1,15,000, ಮತ್ತು ಇನ್ನು ಕಟ್ಟಬೇಕಾದ ಎಂಟು ಕಂತು. ಸಿಗುವುದು 2032ರಲ್ಲಿ ವಿಮಾ ಮೊತ್ತ 2,00,000, ಈಗಾಗಲೇ ಸೇರಿದ ಬೋನಸ್ ಸುಮಾರು 1,00,000, ಮುಂದಿನ ಎಂಟು ವರ್ಷಕ್ಕೆ ಬೋನಸ್ ಸ್ವಲ್ಪ ಇಳಿಯಬಹುದೆಂದು ವರ್ಷಕ್ಕೆ 7,500ರಂತೆ 60,000. ಒಟ್ಟು 3,60,000.

```
=RATE(8,-10000,-115000,360000,1)
```

ಬಂದದ್ದು ಸುಮಾರು 9.5. ನಾನೇ ಎರಡು ಸಲ ಹಾಕಿ ನೋಡಿದೆ. ಮುಂದಿನ ಬೋನಸ್ ಅರ್ಧಕ್ಕೆ ಇಳಿದು 3,30,000 ಮಾತ್ರ ಬಂದರೂ ದರ 8ಕ್ಕಿಂತ ಕೂದಲೆಳೆ ಮೇಲೆ ಇರುತ್ತದೆ. ಕಾರಣ ಪಾಲಿಸಿ ಒಳ್ಳೆಯದಾಯಿತು ಎಂದಲ್ಲ. ಸರೆಂಡರ್ ಮಾಡುವವರಿಗೆ ಸೇರಿದ ಬೋನಸಿನ ಪೂರ್ತಿ ಬೆಲೆ ಕೊಡುವುದಿಲ್ಲ. ಹಾಗೆ ಕತ್ತರಿಸಿಕೊಳ್ಳುವ ಹಣ, ಕೊನೆಯವರೆಗೆ ನಿಂತವರಿಗೆ ಲಾಭದಂತೆ ಕಾಣುತ್ತದೆ.

ಕಂತು ನಿಲ್ಲಿಸಿ ಪಾಲಿಸಿಯನ್ನು ಪೇಯ್ಡ್-ಅಪ್ ಮಾಡಿ ಬಿಡುವ ಮೂರನೇ ದಾರಿಯೂ ಇದೆ. ಆಗ ವಿಮಾ ಮೊತ್ತ ಇಪ್ಪತ್ತರಲ್ಲಿ ಹನ್ನೆರಡು ಪಾಲಿಗೆ, ಅಂದರೆ 1,20,000ಕ್ಕೆ ಇಳಿದು, ಸೇರಿದ ಬೋನಸ್ ಜೊತೆ 2032ರಲ್ಲಿ 2,20,000 ಸಿಗುತ್ತದೆ. ಕಂತು ಕಟ್ಟಲು ಕಷ್ಟ ಇದ್ದವರಿಗೆ ಸರೆಂಡರಿಗಿಂತ ಇದು ಮೇಲು. ಆದರೆ ಭಾವನಿಗೆ ಉಳಿದ ಎಂಟು ಕಂತಿನ 80,000, ಇದಕ್ಕಿಂತ 1,40,000 ಹೆಚ್ಚು ತರುತ್ತದೆ. ಕಟ್ಟುವ ಶಕ್ತಿ ಇದ್ದರೆ ಕಟ್ಟುವುದೇ ಸರಿ.

ಇದು ಹನ್ನೆರಡು ಕಂತು ಕಟ್ಟಿದವರ ಲೆಕ್ಕ. ಮೂರೋ ನಾಲ್ಕೋ ಕಂತು ಕಟ್ಟಿದವರಿಗೆ ಮುಂದೆ ಕಟ್ಟಬೇಕಾದದ್ದೇ ಹೆಚ್ಚು, ಅವರ ಉತ್ತರ ಉಲ್ಟಾ ಬರಬಹುದು. ಕೇಳಬೇಕಾದ ಅಂಕಿ ಮೂರು: ಇವತ್ತಿನ ಸರೆಂಡರ್ ಮೊತ್ತ, ಇವತ್ತಿನವರೆಗೆ ಸೇರಿದ ಬೋನಸ್, ಈ ವರ್ಷ ಘೋಷಿಸಿದ ಬೋನಸ್ ದರ. ಮೂರನ್ನೂ ಏಜೆಂಟರ ಬಾಯಿಯಿಂದಲ್ಲ, ಕಚೇರಿಯಿಂದ ಬರೆಸಿಕೊಳ್ಳಿ.

ಭಾವ ಹದಿಮೂರನೇ ಕಂತು ಕಟ್ಟಿದ್ದಾರೆ. ಮನೆಗೆ ನಿಜವಾಗಿ ಬೇಕಾದ ರಕ್ಷಣೆಗೆ ಎರಡು ಲಕ್ಷ ಸಾಲುವುದಿಲ್ಲ ಎಂದು ಪ್ರತ್ಯೇಕ ಟರ್ಮ್ ಪಾಲಿಸಿಯೊಂದನ್ನು ವಿಚಾರಿಸುತ್ತಿದ್ದಾರೆ. ಅದನ್ನೂ ಮಾಸ್ಟ್ರ ಹತ್ತಿರವೇ.