ನಿಘಂಟಿನ ಹಾಳೆಯಲ್ಲಿ ನಾನು ಹಾಕಿದ ತಪ್ಪು ಗುರುತು

ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ನಿಘಂಟಿನ ಬಳಕೆಯ ಬಗ್ಗೆ ಬರೆಯಬೇಕಾಗಬಹುದು ಎಂದು ಬೋಧನಾಭ್ಯಾಸಕ್ಕೆ ಹೊರಟಾಗ ಅಂದುಕೊಂಡಿರಲಿಲ್ಲ. ಎಂಟನೆಯ ತರಗತಿಗೆ ದಹನದ ಪಾಠ ಮಾಡುವಾಗ ಇದು ಶುರುವಾಯಿತು.

'ವಸ್ತುವೊಂದು ಹೊತ್ತಿಕೊಳ್ಳುವ ಅತಿ ಕಡಿಮೆ ತಾಪವೇ ಜ್ವಲನ ತಾಪ' ಎಂದು ಹಲಗೆಯ ಮೇಲೆ ಬರೆದು, ತಿಳಿಯದ ಪದಗಳಿಗೆ ನಿಘಂಟು ನೋಡಿಕೊಂಡು ಬರಲು ಹೇಳಿದ್ದೆ. ಮರುದಿನ ಒಬ್ಬ ಹುಡುಗ 'ಸಮಯ ತೆಗೆದುಕೊಳ್ಳುವ ತಾಪ' ಎಂದು ಬರೆದು ತಂದ. ನಗು ಬಂತು, ಆದರೆ ಅವನು ಸೋಮಾರಿತನ ಮಾಡಿರಲಿಲ್ಲ. 'ಹೊತ್ತು' ಎಂಬ ಪದವನ್ನು ಹುಡುಕಿದ್ದ, ಮೊದಲು ಕಂಡ ಅರ್ಥವನ್ನು ತೆಗೆದುಕೊಂಡಿದ್ದ, 'ಕೊಳ್ಳುವ'ಕ್ಕೆ ಅದನ್ನು ಜೋಡಿಸಿದ್ದ. ನಿಘಂಟು ನೋಡು ಎಂದಿದ್ದೆನೇ ಹೊರತು ಹೇಗೆ ನೋಡಬೇಕೆಂದು ನಾನು ಹೇಳಿರಲಿಲ್ಲ.

ಶಾಲೆಯ ಕನ್ನಡ ಮೇಡಂ ತಮ್ಮ ಎರಡು ಅವಧಿಗಳನ್ನು ನನಗೆ ಬಿಟ್ಟುಕೊಟ್ಟರು. ಗ್ರಂಥಾಲಯದಲ್ಲಿ ಇದ್ದದ್ದು ಮೂರೇ ನಿಘಂಟು. ಆದ್ದರಿಂದ ನಾನೇ ನಮೂದುಗಳನ್ನು ಚಿಕ್ಕದಾಗಿ ಬರೆದು ಅಭ್ಯಾಸ ಹಾಳೆಯ ಮೇಲ್ಭಾಗದಲ್ಲಿ ಹಾಕಿದೆ:

ಹೊತ್ತು (ನಾ) 1. ವೇಳೆ, ಸಮಯ: ಊಟದ ಹೊತ್ತಾಯಿತು. 2. ಸೂರ್ಯ: ಹೊತ್ತು ಹುಟ್ಟಿತು.
ಹೊತ್ತು (ಕ್ರಿ) 1. ಬೆಂಕಿ ತಗಲು, ಉರಿಯತೊಡಗು: ಒಣಹುಲ್ಲು ಬೇಗ ಹೊತ್ತುತ್ತದೆ. 2. ಸೀದುಹೋಗು: ಪಲ್ಯದ ತಳ ಹೊತ್ತಿದೆ.
ಹೊರು (ಕ್ರಿ) 1. ಭಾರವನ್ನು ತಲೆ ಅಥವಾ ಹೆಗಲ ಮೇಲೆ ಇಟ್ಟುಕೊಂಡು ಸಾಗಿಸು: ಕೂಲಿಯವರು ಮೂಟೆ ಹೊರುತ್ತಾರೆ. 2. ಜವಾಬ್ದಾರಿ ವಹಿಸಿಕೊ: ಮನೆಯ ಭಾರವನ್ನು ಹಿರಿಯ ಮಗಳು ಹೊತ್ತಳು.

ಕೆಳಗೆ ನಾಲ್ಕು ವಾಕ್ಯಗಳಿದ್ದವು. 'ಹೊತ್ತು ಮುಳುಗುವ ಮೊದಲೇ ದನಗಳು ಕೊಟ್ಟಿಗೆಗೆ ಬಂದವು.' 'ಕಡ್ಡಿ ಗೀರಿದ ಕೂಡಲೇ ಹೊತ್ತಿತು.' 'ಅಜ್ಜ ಸೌದೆ ಹೊತ್ತು ತಂದರು.' 'ಇಷ್ಟು ಹೊತ್ತು ಎಲ್ಲಿದ್ದೆ?' ಪ್ರತಿ ವಾಕ್ಯದ ಮುಂದೆ ಮೂರು ಖಾನೆಗಳು: ದಪ್ಪಕ್ಷರದ ಮುಖ್ಯಪದ, ಕಂಸದೊಳಗಿನ ಸೂಚಕ, ಅರ್ಥದ ಸಂಖ್ಯೆ.

ಮೊದಲ ಅವಧಿ ಚೆನ್ನಾಗಿಯೇ ಆಯಿತು ಎನಿಸಿತು. ಸಂಜೆ ಕುಳಿತು ಹಾಳೆಗಳನ್ನು ತಿದ್ದಿದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಅಜ್ಜನ ವಾಕ್ಯಕ್ಕೆ ಮುಖ್ಯಪದ 'ಹೊರು', ಸೂಚಕ 'ಕ್ರಿ', ಅರ್ಥ 1 ಎಂದು ಬರೆದಿದ್ದಳು. ನನ್ನ ಉತ್ತರ ಪಟ್ಟಿಯಲ್ಲಿ ಮುಖ್ಯಪದದ ಖಾನೆಯಲ್ಲಿ ನಾಲ್ಕು ವಾಕ್ಯಗಳಿಗೂ 'ಹೊತ್ತು' ಎಂದೇ ಇತ್ತು. ಮೊದಲ ಖಾನೆಗೆ ತಪ್ಪು, ಉಳಿದೆರಡಕ್ಕೆ ಸರಿ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ.

ಮರುದಿನ ಕನ್ನಡ ಮೇಡಂ ಹಾಳೆಗಳನ್ನು ತಿರುವಿ ಹಾಕುತ್ತಾ ಅಲ್ಲಿ ನಿಂತರು. 'ನೋಡಮ್ಮ, ಪದವನ್ನೇ ತಪ್ಪಾಗಿ ಹುಡುಕಿದವಳಿಗೆ ಅರ್ಥ ಹೇಗೆ ಸರಿಯಾಗಿ ಸಿಕ್ಕಿತು?' ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. 'ನಿಮ್ಮ ಪಟ್ಟಿಯ ಪ್ರಕಾರ ಹೊತ್ತು, ಕ್ರಿ, ಅರ್ಥ 1. ಅದನ್ನು ವಾಕ್ಯದಲ್ಲಿಟ್ಟು ಓದಿ' ಎಂದರು. 'ಅಜ್ಜ ಸೌದೆ ಉರಿದು ತಂದರು' ಎಂದು ಓದುವಷ್ಟರಲ್ಲಿ ನನ್ನ ತಪ್ಪು ನನಗೇ ಕಂಡಿತು. ವಾಕ್ಯದ ಪದವೂ ದಪ್ಪಕ್ಷರದ ಪದವೂ ಒಂದೇ ರೀತಿ ಕಂಡದ್ದರಿಂದ ಖಾನೆಯನ್ನು ಒಂದೇ ಉಸಿರಿಗೆ ತುಂಬಿಬಿಟ್ಟಿದ್ದೆ. ಸಮಯ ಎಂದು ಬರೆದ ಹುಡುಗ ಮಾಡಿದ್ದೂ ಇದನ್ನೇ.

ಕನ್ನಡದಲ್ಲಿ ಈ ತೊಡಕು ಹೆಚ್ಚು. ನಿಘಂಟಿನಲ್ಲಿರುವುದು ಕ್ರಿಯಾಪದದ ಮೂಲರೂಪ, ಪಾಠದಲ್ಲಿ ಬರುವುದು ಹೆಚ್ಚಾಗಿ ಭೂತಕಾಲದ ರೂಪ. 'ಎದ್ದ' ಎಂಬುದನ್ನು ಎಕಾರದಲ್ಲಿ ಹುಡುಕಿದರೆ ಸಿಗದು, ಅದು 'ಏಳು' ಎಂಬಲ್ಲಿದೆ. 'ಹೊರು' ಇನ್ನೂ ಮೋಸ ಮಾಡುತ್ತದೆ. ಅದರ ರೂಪ 'ಹೊತ್ತು' ಎಂದಾಗುವುದರಿಂದ ಹುಡುಕಿದ ಜಾಗದಲ್ಲೇ ಒಂದು ಪದ ಸಿಗುತ್ತದೆ, ಆದರೆ ಅದು ಬೇರೆ ಪದ. ಏನೂ ಸಿಗದಿದ್ದರೆ ಮಗು ಕೇಳುತ್ತದೆ. ಬೇರೆಯದು ಸಿಕ್ಕಿದರೆ ಕೇಳುವುದಿಲ್ಲ.

ಎರಡನೆಯ ಅವಧಿಯ ಆರಂಭದಲ್ಲಿ ಆ ಹುಡುಗಿಯ ಹಾಳೆಯನ್ನು ಎಲ್ಲರಿಗೂ ತೋರಿಸಿ, ತಪ್ಪು ನನ್ನದು ಎಂದು ಹೇಳಿ ಗುರುತನ್ನು ತಿದ್ದಿದೆ. 'ಹೊರು ಅಂತ ನಿನಗೆ ಹೇಗೆ ಗೊತ್ತಾಯಿತು?' ಎಂದು ಕೇಳಿದೆ. 'ನಮ್ಮಜ್ಜಿ ದಿನಾ ಹುಲ್ಲು ಹೊರ್ತಾರಲ್ಲ ಮಿಸ್' ಎಂದಳು. ಅವಳ ಮಾತಿನಲ್ಲೇ ವಿಧಾನ ಇತ್ತು. ಹೊಸ ಹಾಳೆಯಲ್ಲಿ ಮುಖ್ಯಪದದ ಖಾನೆಗೂ ಮೊದಲು ಒಂದು ಖಾಲಿ ಜಾಗ ಸೇರಿಸಿದೆ: 'ದಿನಾ ______ತ್ತಾರೆ' ಅಥವಾ '______ತ್ತದೆ'. ಅಜ್ಜ ದಿನಾ ಸೌದೆ ಹೊರುತ್ತಾರೆ; 'ತ್ತಾರೆ' ತೆಗೆದರೆ 'ಹೊರು'. ಕಡ್ಡಿ ಹೊತ್ತುತ್ತದೆ; 'ತ್ತದೆ' ತೆಗೆದರೆ 'ಹೊತ್ತು'. ಬಿದ್ದ, ಬೀಳುತ್ತಾನೆ, ಬೀಳು. ಈ ಜಾಗಕ್ಕೆ ಪದ ಹೊಂದದಿದ್ದರೆ, 'ಇಷ್ಟು ಹೊತ್ತು' ಎಂಬಲ್ಲಿಯಂತೆ, ಅದು ಕ್ರಿಯಾಪದವಲ್ಲ. 'ನಾ' ಇರುವ ನಮೂದಿಗೆ ಹೋಗಬೇಕು. ಹೀಗೆ ಮುಖ್ಯಪದವೂ ಸೂಚಕವೂ ಒಂದೇ ಹೆಜ್ಜೆಯಲ್ಲಿ ತೀರ್ಮಾನವಾಗುತ್ತಿದ್ದವು.

ಇದಕ್ಕೂ ಮಿತಿಗಳಿದ್ದವು. 'ಕರೆಯುತ್ತಾರೆ' ಎಂಬುದರಿಂದ ಮಕ್ಕಳು 'ಕರೆಯು' ಎಂದು ತೆಗೆದರು. ನಮ್ಮ ನಿಘಂಟಿನಲ್ಲಿದ್ದದ್ದು 'ಕರೆ'. 'ಯು' ಅಕ್ಷರದ ಹಿಂದೆ ಹ್ರಸ್ವ ಇಕಾರವೋ ಎಕಾರವೋ ಇದ್ದರೆ 'ಯು' ಕೂಡ ಬಿಡಿ ಎಂದು ಸೇರಿಸಬೇಕಾಯಿತು. ಮನೆಯಲ್ಲಿ ಉರ್ದು ಮಾತನಾಡುವ ಇಬ್ಬರು 'ಸೌದೆ ಹೊತ್ತುತ್ತಾರೆ' ಎಂದೇ ಬರೆದರು. ಕನ್ನಡ ಕಿವಿಗೆ ರೂಢಿಯಾದವರಿಗೆ ಮಾತ್ರ ಆ ಖಾಲಿ ಜಾಗ ನೆರವಾಗುತ್ತದೆ. ಅವರಿಗೆ ಬಿದ್ದ–ಬೀಳು, ಎದ್ದ–ಏಳು, ನಿಂತ–ನಿಲ್ಲು, ತಂದ–ತರು, ಇಟ್ಟ–ಇಡು, ಹೊತ್ತ–ಹೊರು ಎಂಬ ಚಿಕ್ಕ ಪಟ್ಟಿಯನ್ನು ಹಾಳೆಯ ಹಿಂಬದಿಯಲ್ಲಿ ಬರೆದುಕೊಟ್ಟೆ.

ಸೂಚಕದ ಕೆಲಸ ಎಲ್ಲಿ ಮುಗಿಯುತ್ತದೆ ಎಂಬುದೂ ಆ ದಿನ ಸ್ಪಷ್ಟವಾಯಿತು. ದನಗಳ ವಾಕ್ಯದಲ್ಲಿ 'ಹೊತ್ತು' ನಾಮಪದ ಎಂದು ಹೆಚ್ಚಿನವರು ಸರಿಯಾಗಿ ಗುರುತಿಸಿದರು, ಆದರೆ 'ಸಮಯ' ಎಂದು ಬರೆದು ನಿಂತರು. ಸಮಯ, ಸೂರ್ಯ ಎರಡಕ್ಕೂ 'ನಾ' ಎಂದೇ ಇರುವಾಗ ಸೂಚಕ ಏನೂ ಹೇಳದು. ಅಲ್ಲಿ ಉದಾಹರಣೆ ವಾಕ್ಯ ನೋಡಬೇಕು. ಪಕ್ಕದಲ್ಲಿರುವ ಪದಗಳಿಗೆ ಗೆರೆ ಎಳೆಯಲು ಹೇಳಿದೆ. ಉದಾಹರಣೆಗಳಲ್ಲಿ ಒಂದು ಹೊತ್ತು 'ಆಯಿತು', ಇನ್ನೊಂದು 'ಹುಟ್ಟಿತು'. ನಮ್ಮ ವಾಕ್ಯದಲ್ಲಿ 'ಮುಳುಗುವ' ಇದೆ. ಹುಟ್ಟುವುದೂ ಮುಳುಗುವುದೂ ಯಾವುದಕ್ಕೆ ಎಂದು ಕೇಳಿದಾಗ ತರಗತಿಯೇ 'ಸೂರ್ಯ' ಎಂದಿತು. ಕೊನೆಗೆ ಆರಿಸಿದ ಅರ್ಥವನ್ನು ವಾಕ್ಯದಲ್ಲಿಟ್ಟು ಓದುವ ಒಂದು ಸಾಲು ಸೇರಿಸಿದೆ. 'ಉರಿದು ತಂದರು' ಎಂಬಂಥ ತಪ್ಪು ಅಲ್ಲಿ ಸಿಕ್ಕಿಬೀಳುತ್ತದೆ.

ಸಮಯ ತೆಗೆದುಕೊಳ್ಳುವ ತಾಪ ಎಂದಿದ್ದ ಹುಡುಗ ಅವಧಿ ಮುಗಿದ ಮೇಲೆ ವಿಜ್ಞಾನದ ನೋಟ್‌ಬುಕ್ ತಂದು ತೋರಿಸಿದ. 'ಕಾಗದ ಹೊತ್ತುತ್ತದೆ' ಎಂದು ಅಂಚಿನಲ್ಲಿ ಬರೆದು, ಹಳೆಯ ವಾಕ್ಯವನ್ನು ಹೊಡೆದುಹಾಕಿ, 'ಉರಿಯಲು ಶುರುವಾಗುವ ತಾಪ' ಎಂದು ತಿದ್ದಿದ್ದ. ಈಗ ಅಭ್ಯಾಸ ಹಾಳೆ ಮಾಡಿದರೆ ಉತ್ತರ ಪಟ್ಟಿಯನ್ನು ಖಾನೆ ಖಾನೆಯಾಗಿ ತುಂಬುವುದಿಲ್ಲ. ಮಕ್ಕಳಿಗೆ ಕೊಡುವ ಹಾಳೆಯನ್ನೇ ಒಂದೊಂದು ವಾಕ್ಯವಾಗಿ, ಕೊನೆಯ ಸಾಲಿನವರೆಗೆ ಮೊದಲು ನಾನು ಬಿಡಿಸುತ್ತೇನೆ.