ಕಡೆಯ ಅಂಕಿ

ತಾಳವಾಡಿ ಬೆಟ್ಟದ ಸೀಮೆಯಲ್ಲಿ ಎಲೆಕೋಸು, ಆಲೂಗೆಡ್ಡೆ ಬೆಳೆದ ರೈತರಿಗೆ ಹಣ ಸಂದಾಯ ಮಾಡುವುದು ನನ್ನ ಉದ್ಯೋಗದ ಒಂದು ಭಾಗ. ಮಂಜೂರಾದ ಬಿಲ್ಲುಗಳ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಮತ್ತು ಮೊತ್ತಗಳನ್ನು ಒಂದೇ ಕಡತವಾಗಿಸಿ ಬ್ಯಾಂಕಿಗೆ ಒಪ್ಪಿಸುತ್ತೇವೆ.

ಒಮ್ಮೆ 42 ಸಾಲುಗಳ ಕಡತವೊಂದು ಸಿದ್ಧವಾಗಿತ್ತು. ಸಾಲುಗಳ ಎಣಿಕೆಯೂ ಒಟ್ಟು ಮೊತ್ತವೂ ಮಂಜೂರಾತಿ ಪಟ್ಟಿಗೆ ಸರಿಹೊಂದಿದ್ದವು. ಆದರೆ 16 ಅಂಕಿಗಳ ಖಾತೆಗಳೆಲ್ಲವೂ ಸೊನ್ನೆಯಲ್ಲಿ ಮುಗಿದಿದ್ದವು! ಎಕ್ಸೆಲ್ ಹಾಳೆಯು ಸಂಖ್ಯೆಯೊಂದರ ಮೊದಲ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. 4317 ಎಂದು ಮುಗಿಯಬೇಕಾದದ್ದು 4310 ಆಗಿತ್ತು. ಅಂಥ ಖಾತೆ ಇಲ್ಲದಿದ್ದರೆ ಹಣ ಹಿಂದಿರುಗುತ್ತದೆ. ಇದ್ದರೆ ಅನ್ಯರ ಪಾಲಾಗುತ್ತದೆ. ಏಕೆಂದರೆ ನೆಫ್ಟ್ ವ್ಯವಸ್ಥೆಯಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದಿಂದಲೇ ಹೊರತು ಹೆಸರಿನಿಂದಲ್ಲ.

ಅಂದಿನಿಂದ ಖಾತೆಯ ಅಂಕಣವನ್ನು ಸಂಖ್ಯೆಯಾಗಿಸದೆ ಅಕ್ಷರರೂಪದಲ್ಲಿಯೇ ಇಡುತ್ತೇವೆ. ಪಟ್ಟಿಯಲ್ಲಿಯೂ ಕಡತದಲ್ಲಿಯೂ ಖಾತೆಗಳ ಕಡೆಯ 4 ಅಂಕಿಗಳನ್ನು ಕೂಡಿಸಿ ಹೋಲಿಸುತ್ತೇವೆ. ಆ ಮೊತ್ತಕ್ಕೆ ಬೇರೆ ಅರ್ಥವಿಲ್ಲ. ಅಲ್ಲಿನ ಒಂದಂಕಿ ಕದಲಿದರೂ ಅದು ಸುಳಿವು ಕೊಡುತ್ತದೆ. ಆದರೆ ಇಬ್ಬರು ರೈತರ ಖಾತೆಗಳು ಪರಸ್ಪರ ಅದಲುಬದಲಾದರೆ ಕೂಡಿದ ಮೊತ್ತ ಬದಲಾಗದು. ಆಗ ಪಾಸ್‌ಬುಕ್ಕಿನ ಪ್ರತಿಯೊಡನೆ ಸಾಲುಸಾಲಾಗಿ ತಾಳೆ ನೋಡುವುದೊಂದೇ ದಾರಿ.