ಅಗ್ಗವೆಂದು ಆರಿಸಿದ್ದು

ಖಡಕಿಯ ದಂಡು ಪ್ರದೇಶದ ಕಚೇರಿಯೊಂದರಲ್ಲಿ ನಾವು ಖರೀದಿ ವಿಭಾಗದ ಕಡತಗಳನ್ನು ನೋಡಿಕೊಳ್ಳುತ್ತಿದ್ದ ಕಾಲವದು. ಇಂಗ್ಲಿಷ್ ಸಾಹಿತ್ಯ ಓದಿ ಬಂದ ನಮಗೆ ಡಾಲರು ಪತ್ರಿಕೆಯ ಒಳಪುಟದ ಸುದ್ದಿಯಷ್ಟೇ ಆಗಿತ್ತು. 2013ರ ಬೇಸಿಗೆ ಆ ಉದಾಸೀನವನ್ನು ಕಳೆಯಿತು.

ಅಳತೆಯ ಉಪಕರಣವೊಂದಕ್ಕೆ ಎರಡು ದರಪಟ್ಟಿಗಳು ಬಂದಿದ್ದವು. ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇವೆ. ದೇಶೀಯ ಉಪಕರಣಕ್ಕೆ 6 ಲಕ್ಷ 60 ಸಾವಿರ ರೂಪಾಯಿ. ವಿದೇಶಿಯದಕ್ಕೆ 10,000 ಡಾಲರು. ಇಂಥ ಹೋಲಿಕೆಗೆ ದರಪಟ್ಟಿ ತೆರೆದ ದಿನ ಬ್ಯಾಂಕು ಡಾಲರನ್ನು ಮಾರುವ ದರವೇ ಆಧಾರ. ಅಂದು ಡಾಲರಿಗೆ 55 ರೂಪಾಯಿ. ಶೇ. 10ರಷ್ಟು ಸುಂಕ ಸೇರಿಸಿದರೂ 6 ಲಕ್ಷ 5 ಸಾವಿರ. ವಿದೇಶಿಯದೇ ಅಗ್ಗವೆಂದು ಟಿಪ್ಪಣಿ ಬರೆದು ಸಹಿ ಹಾಕಿದೆವು.

ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಬೆನ್ ಬರ್ನಾಂಕೆ, ಬಾಂಡುಗಳನ್ನು ಕೊಂಡು ಹಣ ಹರಿಸುವುದನ್ನು ಮುಂದೆ ತಗ್ಗಿಸಬಹುದೆಂದು ಸೂಚಿಸಿದರು. ಅಲ್ಲಿ ಬಡ್ಡಿ ಏರುವ ನಿರೀಕ್ಷೆಯಿಂದ ವಿದೇಶಿ ಹೂಡಿಕೆದಾರರು ಇಲ್ಲಿನ ಬಾಂಡುಗಳನ್ನು ಮಾರಿ, ಬಂದ ರೂಪಾಯಿಗೆ ಡಾಲರು ಕೊಂಡು ಹೊರಟರು. ತೈಲಕ್ಕೂ ಚಿನ್ನಕ್ಕೂ ನಮ್ಮ ದೇಶ ಆಗಲೇ ಗಳಿಕೆಗಿಂತ ಹೆಚ್ಚು ಡಾಲರು ತೆರುತ್ತಿತ್ತು. ಕೊಳ್ಳುವವರು ಹೆಚ್ಚಿ ಮಾರುವವರು ಕಡಿಮೆಯಾದಾಗ ಡಾಲರಿನ ಬೆಲೆ ಏರದೆ ಇರದು. ಆಗಸ್ಟ್ 28ರಂದು ಅದು 68 ರೂಪಾಯಿ ದಾಟಿತು. ಅಂದೇ ರಿಸರ್ವ್ ಬ್ಯಾಂಕು ಸರ್ಕಾರಿ ತೈಲ ಕಂಪನಿಗಳಿಗೆ ತಾನೇ ಡಾಲರು ಒದಗಿಸುವ ಪ್ರತ್ಯೇಕ ಕಿಂಡಿ ತೆರೆಯಿತು. ದೊಡ್ಡ ಕೊಳ್ಳುಗರು ಮಾರುಕಟ್ಟೆಯಿಂದ ಸರಿದರೆ ಒತ್ತಡ ಇಳಿಯುತ್ತದೆಂಬುದೇ ಅದರ ತರ್ಕ.

ನಮ್ಮ ಉಪಕರಣದ ಹಣ ಪಾವತಿಯಾದದ್ದು ಆ ವಾರದಲ್ಲಿಯೇ. ಮಾರಿದವನು ಒಂದು ಡಾಲರನ್ನೂ ಹೆಚ್ಚು ಕೇಳಲಿಲ್ಲ. ಆದರೂ 5 ಲಕ್ಷ 50 ಸಾವಿರವಿದ್ದ ಬೆಲೆ 6 ಲಕ್ಷ 80 ಸಾವಿರವಾಯಿತು. ಸುಂಕವನ್ನು ವಿಧಿಸುವುದು ರೂಪಾಯಿ ಮೌಲ್ಯದ ಮೇಲೆ. ಆದುದರಿಂದ ಅದೂ 55 ಸಾವಿರದಿಂದ 68 ಸಾವಿರಕ್ಕೆ ಏರಿತು. ಒಟ್ಟು 7 ಲಕ್ಷ 48 ಸಾವಿರ! ನಾವು ದುಬಾರಿಯೆಂದು ಬದಿಗಿಟ್ಟ ದೇಶೀಯ ಉಪಕರಣಕ್ಕಿಂತ 88 ಸಾವಿರ ಹೆಚ್ಚು.

ಇನ್ನೊಂದು ಮಾತು ಆಗ ಹೊಳೆಯಿತು. 55ರಿಂದ 68ಕ್ಕೆ ಬಂದಾಗ ರೂಪಾಯಿ ಕಳೆದುಕೊಂಡದ್ದು ಶೇ. 19, ನಮ್ಮ ವೆಚ್ಚ ಏರಿದ್ದು ಶೇ. 23ಕ್ಕೂ ಹೆಚ್ಚು. ಐದರಲ್ಲಿ ಒಂದು ಪಾಲು ಕಳೆದುಕೊಂಡವನು ಮತ್ತೆ ಐದಾಗಬೇಕಾದರೆ ಉಳಿದ ನಾಲ್ಕರಲ್ಲಿ ಕಾಲುಭಾಗವನ್ನು ಸೇರಿಸಬೇಕಷ್ಟೆ. ಪತ್ರಿಕೆಗಳು ಮೊದಲನೆಯ ಅಂಕಿಯನ್ನು ಹೇಳುತ್ತವೆ. ಆಮದು ಮಾಡಿಕೊಳ್ಳುವವನು ಎರಡನೆಯದನ್ನು ತೆರುತ್ತಾನೆ.

ಖಾಸಗಿ ಆಮದುದಾರನಾದರೆ ಬ್ಯಾಂಕಿನೊಡನೆ ಮುಂಗಡ ಒಪ್ಪಂದ ಮಾಡಿಕೊಂಡು, ಸ್ವಲ್ಪ ಹೆಚ್ಚು ತೆತ್ತಾದರೂ ದರವನ್ನು ಮೊದಲೇ ಕಟ್ಟಿಹಾಕಬಹುದು. ನಮ್ಮ ಕಡತಕ್ಕೆ ಆ ದಾರಿ ಇರಲಿಲ್ಲ. ಮಂಜೂರಾದ ಹಣ ರೂಪಾಯಿಯಲ್ಲಿತ್ತು, ಸಾಲ ಡಾಲರಿನಲ್ಲಿತ್ತು. ಕೊರತೆ ತುಂಬಲು ಆ ವರ್ಷದ ಮತ್ತೊಂದು ಖರೀದಿಯನ್ನು ಕೈಬಿಟ್ಟೆವು.

ಲೆಕ್ಕ ಪರಿಶೋಧಕರ ಪ್ರಶ್ನೆಗೆ ಎರಡು ದಿನಾಂಕ, ಎರಡು ದರ ಬರೆದು ಉತ್ತರಿಸಿದೆವು. ನಮ್ಮ ಸಹಿ ನಿಯಮಕ್ಕೆ ತಪ್ಪಿರಲಿಲ್ಲ. ಆದರೆ ಅಂದಿನಿಂದ ಆಮದಿನ ಯಾವ ಕಡತ ಬಂದರೂ, ಇಂದಿನ ದರದ ಪಕ್ಕದಲ್ಲಿ ಪೆನ್ಸಿಲಿನಿಂದ ಇನ್ನೊಂದು ಲೆಕ್ಕ ಬರೆದಿಡುತ್ತೇವೆ: ಡಾಲರು ಹತ್ತು ರೂಪಾಯಿ ಏರಿದರೂ ಇದು ಅಗ್ಗವೇ?